ಬಾಣ ನೀರಿನದ್ದೋ, ದುಡ್ಡಿನದ್ದೋ?

ನಮ್ಮ ತಾಲ್ಲೂಕಿನ ಒಂದು ಪಂಚಾಯಿತಿ ಗೋಡೆ ಮೇಲೆ ನಲ್ಲಿ ನೀರಿನ ಯೋಜನೆಯ ನಕ್ಷೆ ಬರೆಸಿದ್ದಾರೆ. ಒಂದೊಂದು ಬಾಣದಲ್ಲೂ ಏನು ಹೋಗುತ್ತದೆ ಎಂದು ಬಾಯಿಬಿಟ್ಟು ಓದಿ ನೋಡಿದೆವು. ಕೊಳವೆಬಾವಿಯಿಂದ ಟ್ಯಾಂಕಿಗೆ ಹೋದ ನೀಲಿ ಬಾಣದಲ್ಲಿ ನೀರು. ಜಿಲ್ಲಾ ಪಂಚಾಯಿತಿಯಿಂದ ಟ್ಯಾಂಕಿಗೆ ಬಂದ ಅದೇ ನೀಲಿ ಬಾಣದಲ್ಲಿ ದುಡ್ಡು! ಟ್ಯಾಂಕಿನಿಂದ ಕಾಲೊನಿಗೆ ಚುಕ್ಕಿ ಗೆರೆ. ಅದು ಹಾಕಿದ ಪೈಪೋ, ಮುಂದೆಂದೋ ಹಾಕುವ ಪೈಪೋ? ಯಾವ ಗೆರೆಗೆ ಏನರ್ಥ ಎಂದು ಮೂಲೆಯಲ್ಲೂ ಬರೆದಿಲ್ಲ.

ಪಂಪ್‌ಹೌಸಿನ ಒಂದೊಂದು ವಾಲ್ವನ್ನೂ ತೋರಿಸಿದವರು ಇಡೀ ಕಾಲೊನಿಗೆ ಒಂದೇ ಚೌಕ ಎಳೆದಿದ್ದಾರೆ. ನಲ್ಲಿ ಇಲ್ಲದ ಬೀದಿಗಳು ಆ ಚೌಕದೊಳಗೆ ಮುಚ್ಚಿಹೋಗಿವೆ. ನೋಡಿದವರಿಗೆ ಕೆಲಸ ಮುಗಿದ ಹಾಗೆ ಕಾಣುತ್ತದೆ.

ಹಾಕಿದ ಪೈಪಿಗೆ ಗಟ್ಟಿ ಗೆರೆ, ಹಾಕದ್ದಕ್ಕೆ ಚುಕ್ಕಿ ಗೆರೆ, ದುಡ್ಡಿಗೆ ಬೇರೆ ಬಣ್ಣ, ಬೀದಿಗೊಂದು ಚೌಕ. ಇಷ್ಟು ಬರೆಸುವ ತನಕ ಆ ಗೋಡೆಯನ್ನು ನಾವು ಲೆಕ್ಕವೆಂದು ಒಪ್ಪುವುದಿಲ್ಲ.