ಲೆಕ್ಕದ ಪುಟ, ಭಾಗ 6: ಅದು ಒಂದಾ, ಏಳಾ?

ಫೋಟೋದಲ್ಲಿರೋ ಲೆಕ್ಕವನ್ನ ಎಕ್ಸೆಲ್‌ಗೆ ಹಾಕುವಾಗ ಒಂದು ಅಂಕಿ 1 ಥರಾನೂ ಕಾಣ್ಸತ್ತೆ, 7 ಥರಾನೂ ಕಾಣ್ಸತ್ತೆ. ಆಗ ನೀವೇನ್ ಮಾಡ್ತೀರಾ? ಝೂಮ್ ಮಾಡಿ, ಕಣ್ಣು ಕಿರಿದು ಮಾಡಿ ನೋಡಿ, "ಏಳೇ ಇರ್ಬೇಕು" ಅಂತ ಟೈಪ್ ಮಾಡ್ತೀರಾ ತಾನೇ? ನಾನೂ ಹಾಗೇ ಮಾಡಿದ್ದೆ. ಅದು ತಪ್ಪು ಅಂತ ಈಗ ಖಡಾಖಂಡಿತವಾಗಿ ಹೇಳ್ತೀನಿ.

ನಮ್ಮ ಮಾವನ ದಿನಸಿ ಅಂಗಡಿಯ ಸಾಲದ ಪುಸ್ತಕ. ಒಂದು ಪುಟದಲ್ಲಿ ಐದು ಸಾಲು. ನಾನು ಹಾಕಿದ್ದು 470, 275, 190, 845, 360. ಮಾವ ಆ ಪಟ್ಟಿ ಹಿಡಿದು ಒಬ್ಬ ಅಜ್ಜಿ ಹತ್ರ 470 ಕೇಳಿದ್ರು. "ನಾನು ಬರೆಸಿದ್ದು ನಾನೂರ ಹತ್ತು ಕಣಪ್ಪಾ" ಅಂದ್ರು ಅಜ್ಜಿ. ಎಲ್ಲರೆದುರು ಅವರು ಸುಳ್ಳು ಹೇಳ್ತಿದ್ದಾರೆ ಅನ್ನೋ ಥರ ಆಗೋಯ್ತು.

ಮನೆಗೆ ಬಂದು ಕೂಡಿ ನೋಡ್ದೆ. ನನ್ನ ಮೊತ್ತ 2140. ಪುಟದ ಕೆಳಗೆ ಮಾವ ಬರೆದಿದ್ದು 2080. ವ್ಯತ್ಯಾಸ 60.

ಇಲ್ಲೇ ಇರೋದು ವಿಷಯ. 7ರಲ್ಲಿ 1 ಕಳೆದ್ರೆ 6. ಹಾಗಾಗಿ ಇವೆರಡು ಅದಲುಬದಲಾದ್ರೆ ಮೊತ್ತ 6, 60 ಅಥವಾ 600 ವ್ಯತ್ಯಾಸ ಬರತ್ತೆ. 4 ಮತ್ತು 9 ಆದ್ರೆ 5, 50 ಅಥವಾ 500. ನನಗೆ 60 ಹೆಚ್ಚು ಬಂದಿತ್ತು. ಅಂದ್ರೆ ಹತ್ತರ ಸ್ಥಾನದಲ್ಲಿ 1 ಇದ್ದಿದ್ದನ್ನ ನಾನು 7 ಅಂತ ಓದಿರಬೇಕು. ಹತ್ತರ ಸ್ಥಾನದಲ್ಲಿ 7 ಇದ್ದಿದ್ದು 470 ಮತ್ತು 275, ಎರಡೇ ಸಾಲಲ್ಲಿ.

ಎರಡರಲ್ಲಿ ಯಾವುದು? ಇದನ್ನ ಮೊತ್ತ ಹೇಳಲ್ಲ. ಅದಕ್ಕೆ ಅದೇ ಕೈ ಬರೆದ, ಅನುಮಾನವೇ ಇಲ್ಲದ ಅಂಕಿಗಳನ್ನ ಹುಡುಕಿ. ಕ್ರಮಸಂಖ್ಯೆ ಮತ್ತು ದಿನಾಂಕ ಇದಕ್ಕೆ ಬೆಸ್ಟ್. ಅಲ್ಲಿ 6 ಆದ್ಮೇಲೆ ಬರೋದು 7 ಅಂತ ಗೊತ್ತೇ ಇರತ್ತೆ. ಪುಸ್ತಕದ ಬೇರೆ ಪುಟದಲ್ಲಿ ನೋಡಿದ್ರೆ, ಮಾವ 7ಕ್ಕೆ ನಡುವೆ ಒಂದು ಅಡ್ಡಗೆರೆ ಹಾಕ್ತಾರೆ. 1ಕ್ಕೆ ತಲೆಯಲ್ಲಿ ಸಣ್ಣ ಕೊಕ್ಕೆ ಮಾತ್ರ. 275ರಲ್ಲಿ ಅಡ್ಡಗೆರೆ ಇತ್ತು, ಇನ್ನೊಂದರಲ್ಲಿ ಇರ್ಲಿಲ್ಲ. ಅಜ್ಜಿ ಹೇಳಿದ್ದೇ ಸರಿ.

ಆದ್ರೆ ಮೊತ್ತ ಟ್ಯಾಲಿ ಆಯ್ತು ಅಂತ ಕುಣಿಬೇಡಿ. ಒಂದು ಕಡೆ 1ನ್ನ 7 ಮಾಡಿ, ಅದೇ ಸ್ಥಾನದಲ್ಲಿ ಇನ್ನೊಂದು ಕಡೆ 7ನ್ನ 1 ಮಾಡಿದ್ರೆ ಮೊತ್ತ ಸರಿಯಾಗೇ ಬರತ್ತೆ, ಇಬ್ಬರ ಲೆಕ್ಕ ಮಾತ್ರ ಹಾಳಾಗಿರತ್ತೆ. ಬರೆದವರೇ ಕೂಡೋದ್ರಲ್ಲಿ ತಪ್ಪಿರಲೂಬಹುದು. ಆದ್ದರಿಂದ ಟ್ಯಾಲಿ ಮಾಡೋಕೋಸ್ಕರ ಸ್ಪಷ್ಟವಾಗಿರೋ ಅಂಕಿಯನ್ನ ಯಾವತ್ತೂ ತಿದ್ದಬೇಡಿ.

ಎರಡೂ ದಾರಿಯಲ್ಲಿ ಗೊತ್ತಾಗ್ಲಿಲ್ವಾ? ಆ ಸೆಲ್‌ಗೆ ಹಳದಿ ಬಣ್ಣ ಹಾಕಿ, ಪಕ್ಕದಲ್ಲಿ "410 ಅಥವಾ 470" ಅಂತ ಬರೆದು, ಬರೆದವರಿಗೇ ಫೋನ್ ಮಾಡಿ. ಹಳದಿ ಸೆಲ್ ನೋಡಿದ್ರೆ ಅಲ್ಲಿ ಅನುಮಾನ ಇದೆ ಅಂತ ಯಾರಿಗಾದ್ರೂ ಗೊತ್ತಾಗತ್ತೆ. ನೀವು ಅಂದಾಜಲ್ಲಿ ಹಾಕಿದ 470 ನೋಡಿದ್ರೆ ಯಾರಿಗೂ ಗೊತ್ತಾಗಲ್ಲ, ದುಡ್ಡು ಕೊಡೋ ಅಜ್ಜಿಗೆ ಬಿಟ್ಟು.

ನಿಮ್ಮ 7ಕ್ಕೆ ಅಡ್ಡಗೆರೆ ಇದೆಯಾ? ಕಾಮೆಂಟಲ್ಲಿ ಹೇಳಿ.

#ಲೆಕ್ಕದಪುಟ #ಬಿಕಾಂ