ಆ್ಯಪ್ ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಸುಳ್ಳು ಉತ್ತರ

ಶೋಲಿಂಗನಲ್ಲೂರಿನ ಆಫೀಸಿನಲ್ಲಿ ದಿನಕ್ಕೆ ಒಂಬತ್ತು ಗಂಟೆ ಕುರ್ಚಿ, ಅದರ ಮೇಲೆ ಓಎಂಆರ್ ಟ್ರಾಫಿಕ್‌ನಲ್ಲಿ ಎರಡು ಗಂಟೆ ಕಾರಿನ ಸೀಟು. ಹೀಗಿದ್ದವನು ಫೋನಿನ ಆ್ಯಪ್ 'ನಿಮ್ಮ ಚಟುವಟಿಕೆ ಎಷ್ಟು?' ಎಂದು ಕೇಳಿದಾಗ ಹಿಂದೆ ಮುಂದೆ ನೋಡದೆ 'ಮಧ್ಯಮ' ಒತ್ತಿದೆ. ವಾರಕ್ಕೆ ಮೂರು ದಿನ ಒಂದೊಂದು ಗಂಟೆ ಜಿಮ್‌ಗೆ ಹೋಗುತ್ತೇನಲ್ಲ! ಆರು ವಾರ ಆ್ಯಪ್ ಹೇಳಿದಷ್ಟೇ ತಿಂದೆ. ತೂಕ ಮಾತ್ರ 78 ಕೆ.ಜಿ.ಯಿಂದ ಅಲ್ಲಾಡಲಿಲ್ಲ.

ತಪ್ಪು ಎಲ್ಲಿದೆ ಎಂದು ಹುಡುಕಲು ಒಂದು ಭಾನುವಾರ ಪೆನ್ನು ಹಿಡಿದು ಕುಳಿತೆ. ಇಂಥ ಆ್ಯಪ್‌ಗಳಲ್ಲಿ ಹೆಚ್ಚಾಗಿ ಕಾಣುವುದು 1990ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ. ಏನೂ ಮಾಡದೆ ಸುಮ್ಮನೆ ಮಲಗಿದ್ದರೂ ದೇಹ ದಿನಕ್ಕೆ ಎಷ್ಟು ಕ್ಯಾಲರಿ ಖರ್ಚು ಮಾಡುತ್ತದೆ ಎಂಬ ಅಂದಾಜು ಅದು:

```
10 × ತೂಕ (ಕೆ.ಜಿ.) + 6.25 × ಎತ್ತರ (ಸೆಂ.ಮೀ.) − 5 × ವಯಸ್ಸು + 5
```

ಹೆಂಗಸರಿಗೆ ಕೊನೆಯ +5ರ ಬದಲು −161. ನನ್ನ ತೂಕ 78, ಎತ್ತರ 170, ವಯಸ್ಸು 38. ಕೂಡಿ ಕಳೆದರೆ ಸುಮಾರು 1658. ಇಲ್ಲಿಯವರೆಗೆ ಸುಳ್ಳು ಹೇಳಲು ಜಾಗವಿಲ್ಲ, ತಕ್ಕಡಿ ಮತ್ತು ಟೇಪು ಹೇಳಿದ್ದೇ ಲೆಕ್ಕ.

ಎಡವಟ್ಟಾಗುವುದು ಮುಂದಿನ ಹೆಜ್ಜೆಯಲ್ಲಿ. ಈ ಸಂಖ್ಯೆಯನ್ನು ಚಟುವಟಿಕೆಯ ಗುಣಕದಿಂದ ಗುಣಿಸಬೇಕು. ಕೂತೇ ಇರುವವರಿಗೆ 1.2, 'ಮಧ್ಯಮ' ಚಟುವಟಿಕೆಗೆ 1.55. ಮೊದಲನೆಯದಕ್ಕೆ ನನ್ನ ಉತ್ತರ 1990, ಎರಡನೆಯದಕ್ಕೆ 2570. ಒಂದು ಗುಂಡಿ ಒತ್ತಿದ್ದಕ್ಕೆ 580 ಕ್ಯಾಲರಿ ಉಡುಗೊರೆ!

ನನ್ನ ಜಿಮ್‌ನ ನಿಜವಾದ ಬೆಲೆ ಎಷ್ಟು? ಒಂದು ಗಂಟೆಗೆ ಹೆಚ್ಚೆಂದರೆ 300 ಕ್ಯಾಲರಿ ಎಂದುಕೊಳ್ಳೋಣ. ಮೂರು ದಿನಕ್ಕೆ 900. ಅದನ್ನು ಏಳು ದಿನಕ್ಕೆ ಹಂಚಿದರೆ ದಿನಕ್ಕೆ 130 ಕೂಡ ಇಲ್ಲ. 1990ಕ್ಕೆ ಅದನ್ನು ಸೇರಿಸಿದರೆ ಸುಮಾರು 2120. ಆ್ಯಪ್ 2570ರಿಂದ 500 ಕಳೆದು ದಿನಕ್ಕೆ 2070 ತಿನ್ನು ಎಂದಿತ್ತು. ಅಂದರೆ ನಾನು ಡಯಟ್ ಎಂದುಕೊಂಡು ತಿಂದದ್ದು ಹೆಚ್ಚುಕಡಿಮೆ ನನ್ನ ಪೂರ್ತಿ ಖರ್ಚಿನಷ್ಟೇ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿಯಲ್ಲಿ 65 ಕೆ.ಜಿ. ತೂಕದ, ಕೂತು ಕೆಲಸ ಮಾಡುವ ಗಂಡಸಿಗೆ 2110 ಕ್ಯಾಲರಿ ಎಂದಿದೆ. ನನ್ನ ತೂಕ ಹೆಚ್ಚು, ನಿಜ. ಆದರೂ 2570 ಎಂಬುದು ಅನುಮಾನ ಪಡಬೇಕಾದ ಸಂಖ್ಯೆಯೇ ಆಗಿತ್ತು.

ಈ ಲೆಕ್ಕ ತೋರಿಸಿದಾಗ ಹೆಂಡತಿ ಕೇಳಿದ್ದು ಒಂದೇ ಮಾತು: "ಅದೆಲ್ಲ ಸರಿ ರೀ, ಒಗ್ಗರಣೆ ಎಣ್ಣೆ ಬರ್ಕೊಂಡಿದ್ರಾ?" ಬರೆದಿರಲಿಲ್ಲ. ಚಿಕ್ಕ ಚಮಚ ಎಣ್ಣೆಗೆ ಸುಮಾರು 40 ಕ್ಯಾಲರಿ. ಪಲ್ಯ, ಸಾರು, ದೋಸೆ ಸೇರಿ ನನ್ನ ಪಾಲಿಗೆ ಎರಡು ಚಮಚ ಬಂದರೂ 80. ಉಳಿದಿದ್ದ ಅಷ್ಟಿಷ್ಟು ಕೊರತೆಯೂ ಅಲ್ಲೇ ತುಂಬಿಹೋಗಿತ್ತು.

ಹೊಸ ಗುರಿ ಹೀಗೆ ಹಾಕಿದೆ. 2120ರಿಂದ ಸುಮಾರು 400 ಕಳೆದು 1700. ಮೊದಲು ಪ್ರೋಟೀನ್: ಕೆ.ಜಿ. ತೂಕಕ್ಕೆ 1.2 ಗ್ರಾಂನಂತೆ ಸುಮಾರು 95 ಗ್ರಾಂ. ಗ್ರಾಂಗೆ 4 ಕ್ಯಾಲರಿಯಂತೆ 380. ಆಮೇಲೆ ಕೊಬ್ಬು 50 ಗ್ರಾಂ, ಗ್ರಾಂಗೆ 9ರಂತೆ 450. ಉಳಿದ 870 ಕಾರ್ಬೋಹೈಡ್ರೇಟ್‌ಗೆ, ಅಂದರೆ ಸುಮಾರು 215 ಗ್ರಾಂ.

ಸಸ್ಯಾಹಾರಿಗೆ ಕಷ್ಟವಾಗುವುದು ಆ 95. ಒಂದು ಇಡ್ಲಿಯಲ್ಲಿ ಎರಡು ಗ್ರಾಂ ಪ್ರೋಟೀನ್ ಸಿಕ್ಕರೆ ಹೆಚ್ಚು. ಸಾಂಬಾರಿನಲ್ಲಿ ಬೇಳೆಗಿಂತ ನೀರೇ ಜಾಸ್ತಿ. ಹಾಗಾಗಿ ಈಗ ದಿನಕ್ಕೆ 100 ಗ್ರಾಂ ಪನೀರ್ (18 ಗ್ರಾಂ ಪ್ರೋಟೀನ್), ಒಣಗಿದಾಗ ತೂಗಿದ 40 ಗ್ರಾಂ ಸೋಯಾ ಚಂಕ್ಸ್ (20 ಗ್ರಾಂ), ಹಸಿ ತೂಕದ 50 ಗ್ರಾಂ ಬೇಳೆಯ ಗಟ್ಟಿ ತೊವ್ವೆ (11 ಗ್ರಾಂ) ಇವು ಖಾಯಂ. ಉಳಿದದ್ದು ಹಾಲು, ಮೊಸರು ಮತ್ತು ಧಾನ್ಯದಿಂದ. ಬೇಳೆ, ಅಕ್ಕಿಗಳನ್ನು ಹಸಿಯಾಗಿಯೇ ತೂಗಿ. ಅನ್ನವಾದಾಗ ಅಕ್ಕಿಯ ತೂಕ ಸುಮಾರು ಮೂರು ಪಟ್ಟಾಗುತ್ತದೆ, ಆ್ಯಪ್‌ನಲ್ಲಿ ಅಕ್ಕಿಗೆ ಬದಲು ಅನ್ನ ಆರಿಸಿದರೆ ಲೆಕ್ಕ ತಲೆಕೆಳಗು.

ಇದೂ ಒಂದು ಅಂದಾಜೇ. ಪರೀಕ್ಷಿಸಲು ತಕ್ಕಡಿ ಬೇಕು. ಚೆನ್ನೈನ ಸೆಕೆಯಲ್ಲಿ ಬೆವರು ಹರಿದು, ಆಮೇಲೆ ನೀರು ಕುಡಿದು, ತೂಕ ಒಂದೇ ದಿನದಲ್ಲಿ ಒಂದು ಕೆ.ಜಿ. ಏರಿಳಿಯಬಹುದು. ಅದಕ್ಕೇ ದಿನಾ ಬೆಳಿಗ್ಗೆ ತಿಂಡಿಗೆ ಮುಂಚೆ ತೂಗಿ, ವಾರದ ಸರಾಸರಿಯನ್ನು ಮಾತ್ರ ಹೋಲಿಸುತ್ತೇನೆ. ನಾಲ್ಕು ವಾರದಲ್ಲಿ ಸರಾಸರಿ 76.7ಕ್ಕೆ ಬಂತು. ಇಳಿಯದೇ ಇದ್ದಿದ್ದರೆ ಬರೆದಿಡುವುದರಲ್ಲಿ ಏನು ಬಿಟ್ಟುಹೋಗಿದೆ ಎಂದು ಮೊದಲು ನೋಡಿ, ಆಮೇಲೆ 100 ಕ್ಯಾಲರಿ ಇಳಿಸುತ್ತಿದ್ದೆ.

ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರು, ಬಸುರಿಯರು ಈ ಲೆಕ್ಕ ಹಾಕುವ ಮುಂಚೆ ಡಾಕ್ಟರನ್ನು ಕೇಳಬೇಕು. ಉಳಿದವರು ಆ್ಯಪ್ ಚಟುವಟಿಕೆಯ ಬಗ್ಗೆ ಕೇಳಿದಾಗ ಜಿಮ್‌ನ ಮೂರು ಗಂಟೆಯನ್ನಲ್ಲ, ವಾರದ ಉಳಿದ 165 ಗಂಟೆಯನ್ನು ನೆನೆದು ಉತ್ತರಿಸಿ.