ಕಣ್ಣಿಗೆ ಒಂದೇ, ಕಿವಿಗೆ ಬೇರೆ: ಒಂದು ಸೊನ್ನೆಯ ರಗಳೆ

“ಮೌಸ್ ಮುಟ್ಟದೆ ಹೇಗ್ರೀ ಬರೀತೀರಾ?” ನನಗೆ ಕಣ್ಣು ಕಾಣಿಸೋದಿಲ್ಲ ಅಂತ ಗೊತ್ತಾದ ಮೇಲೆ ಓದುಗರಿಂದ ಬರುವ ಮೊದಲ ಪ್ರಶ್ನೆ ಇದೇ. “ಕಂಪ್ಯೂಟರ್ ಓದಿ ಹೇಳುತ್ತಲ್ಲ, ನೀವು ಕೇಳಿಸಿಕೊಳ್ತೀರಿ” ಅಂತ ಉತ್ತರವನ್ನೂ ಅವರೇ ಕೊಟ್ಟುಬಿಡ್ತಾರೆ. ಅದು ಅರ್ಧ ಉತ್ತರ. ಕೇಳಿಸಿಕೊಳ್ಳೋದು ಸುಲಭದ ಭಾಗ. ಉಳಿದರ್ಧ ಇರೋದು ಬೆರಳಲ್ಲಿ. ಏನನ್ನು ಕೇಳಬೇಕು, ಎಲ್ಲಿಂದ ಕೇಳಬೇಕು, ಎಷ್ಟು ಚೂರು ಮಾಡಿ ಕೇಳಬೇಕು ಅನ್ನೋದನ್ನು ಕೀಗಳೇ ತೀರ್ಮಾನಿಸುತ್ತವೆ. ಕನ್ನಡದ ಮಟ್ಟಿಗೆ ಈ ಉಳಿದರ್ಧದ ಬಗ್ಗೆ ನನ್ನದೊಂದು ಗಟ್ಟಿ ಅಭಿಪ್ರಾಯ ಇದೆ, ಹೇಳಿಬಿಡ್ತೀನಿ.

ನಾನು ಬಳಸೋದು ಎನ್‌ವಿಡಿಎ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರು ಮಾಡಿದ ಉಚಿತ ಸ್ಕ್ರೀನ್ ರೀಡರ್ ಇದು. ಕರನ್ ಅವರೂ ಅಂಧರೇ. ಇದರ ಜೊತೆಗೇ ಬರುವ ಇ-ಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತೆ. ಇಂಪಾದ ಧ್ವನಿ ಏನಲ್ಲ, ತಗಡು ಬಡಿದ ಹಾಗಿರುತ್ತೆ. ಆದರೆ ವೇಗ ಹೆಚ್ಚಿಸಿದರೂ ಅಕ್ಷರ ನುಂಗೋದಿಲ್ಲ.

ವೆಬ್ ಪುಟದಲ್ಲಿ ಓಡಾಡುವಾಗ ಅಕ್ಷರದ ಕೀಗಳೇ ನನಗೆ ಕಾಲು. `H` ಒತ್ತಿದರೆ ಮುಂದಿನ ಶೀರ್ಷಿಕೆ, `K` ಒತ್ತಿದರೆ ಮುಂದಿನ ಕೊಂಡಿ, `E` ಒತ್ತಿದರೆ ಬರೆಯುವ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಹೋದಮೇಲೆ ಅದೇ `H` ಬರೀ ಅಕ್ಷರವಾಗಬೇಕಲ್ಲ? ಅದಕ್ಕೆ ಎರಡು ಸ್ಥಿತಿಗಳಿವೆ, ಓಡಾಡೋದು ಒಂದು, ಬರೆಯೋದು ಇನ್ನೊಂದು. `NVDA+Space` ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತೆ. ಹಾಗೆ ಬದಲಾದಾಗ ಪುಟ್ಟದೊಂದು ಸದ್ದು ಬರುತ್ತೆ. ಆ ಸದ್ದು ಗಮನಿಸದಿದ್ದರೆ ಬರೆದದ್ದು ಎಲ್ಲೂ ಬೀಳೋದಿಲ್ಲ, ಪುಟ ಮಾತ್ರ ಅಲ್ಲಿಂದಿಲ್ಲಿಗೆ ನೆಗೆಯುತ್ತೆ. ಇಷ್ಟು ಯಾವ ಭಾಷೆಯವರಿಗಾದರೂ ಒಂದೇ. ಕನ್ನಡದ ಕತೆ ಶುರುವಾಗೋದು ಬರೆಯುವಾಗ.

ನಾನು ಬರೆಯೋದು ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ. ಇಂಗ್ಲಿಷಿನಲ್ಲಿ ಟೈಪಿಸಿ, ತೆರೆಯ ಮೇಲೆ ಬರುವ ಪದಗಳ ಪಟ್ಟಿಯಿಂದ ಒಂದನ್ನು ಆರಿಸುವ ಪದ್ಧತಿ ಕಣ್ಣಿದ್ದವರಿಗೆ ಸರಿ. ಪಟ್ಟಿಯನ್ನು ಅವರು ಒಂದೇ ನೋಟದಲ್ಲಿ ನೋಡಿ ಮುಗಿಸುತ್ತಾರೆ. ನಾನು ಒಂದೊಂದನ್ನೂ ಕೇಳಬೇಕು, ಪ್ರತಿ ಪದಕ್ಕೂ. ಇನ್‌ಸ್ಕ್ರಿಪ್ಟಿನಲ್ಲಿ ಒಂದು ಕೀಗೆ ಒಂದು ಚಿಹ್ನೆ, ಆಯ್ಕೆಯ ಮಾತೇ ಇಲ್ಲ. ‘ಕನ್ನಡ’ ಅಂತ ಬರೆಯಲು ಒತ್ತಬೇಕಾದದ್ದು ಇಷ್ಟು:

```
k v d v [
```

ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೆ ನ, ಆಮೇಲೆ ಡ. `F` ಮತ್ತು `J` ಕೀಗಳ ಮೇಲಿರುವ ಸಣ್ಣ ಉಬ್ಬನ್ನು ಬೆರಳು ಹುಡುಕಿಕೊಂಡರೆ ಸಾಕು, ಉಳಿದದ್ದು ತಾನಾಗೇ ಸಿಗುತ್ತೆ.

ಇಲ್ಲೊಂದು ಕಿವಿಮಾತು. ಹೊಸದಾಗಿ ಕಲಿಯುವವರಿಗೆ ಒತ್ತಿದ ಪ್ರತಿ ಅಕ್ಷರವನ್ನೂ ಹೇಳಿಸಿಕೊಳ್ಳಿ ಅಂತ ಹೇಳಿಕೊಡ್ತಾರೆ. ಅದು `NVDA+2`. ಇಂಗ್ಲಿಷಿಗೆ ಅದು ಸರಿಯೇ. ಕನ್ನಡದಲ್ಲಿ ಕಾಗುಣಿತದ ಚಿಹ್ನೆಗೆ ಒಂಟಿಯಾಗಿ ಉಚ್ಚಾರವೇ ಇಲ್ಲವಲ್ಲ, ಕಿವಿಗೆ ಬೀಳೋದು ಬರೀ ಚೂರುಪಾರು. ಬೆರಳು ಪಳಗಿದ ಮೇಲೆ ಅದನ್ನು ನಿಲ್ಲಿಸಿ `NVDA+3` ಹಾಕಿಕೊಳ್ಳಿ. ಪದ ಮುಗಿಸಿ ಸ್ಪೇಸ್ ಒತ್ತಿದಾಗ ಇಡೀ ಪದವನ್ನು ಹೇಳುತ್ತೆ. ತಪ್ಪಾಗಿದ್ದರೆ ಅಲ್ಲೇ ಗೊತ್ತಾಗುತ್ತೆ.

ಈಗ ಸೊನ್ನೆಯ ವಿಷಯಕ್ಕೆ ಬರ್ತೀನಿ. ‘ಬೆಂಗಳೂರು’ ಮತ್ತು ‘ಬೆ೦ಗಳೂರು’. ಎರಡೂ ಒಂದೇ ಥರ ಕಾಣುತ್ತೆ ಅಂತ ಕಣ್ಣಿದ್ದ ಗೆಳೆಯರು ಹೇಳ್ತಾರೆ, ಹೆಚ್ಚೆಂದರೆ ಸೊನ್ನೆಯ ಗಾತ್ರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇರಬಹುದಂತೆ. ಮೊದಲನೆಯದರಲ್ಲಿ ಇರೋದು ಅನುಸ್ವಾರ. ಎರಡನೆಯದರಲ್ಲಿ ಇರೋದು ಅಂಕಿ, ಕನ್ನಡದ ಸೊನ್ನೆ. ಮೊದಲನೆಯದನ್ನು ನನ್ನ ಕಂಪ್ಯೂಟರು ಊರಿನ ಹೆಸರಾಗಿ ಓದುತ್ತೆ. ಎರಡನೆಯದನ್ನು ‘ಬೆ’, ‘ಸೊನ್ನೆ’, ‘ಗಳೂರು’ ಅಂತ ಮೂರು ತುಂಡು ಮಾಡುತ್ತೆ. ಒಂದು ಪದವಾದರೆ ಊಹಿಸಿಕೊಳ್ಳಬಹುದು. ಬರಹದ ಉದ್ದಕ್ಕೂ ‘ಅಂತ’, ‘ಒಂದು’, ‘ಎಂದು’, ‘ಬಂದು’ ಎಲ್ಲದರೊಳಗೂ ಸೊನ್ನೆ ಇದ್ದರೆ? ಕತೆ ಕೇಳಲು ಕೂತವನಿಗೆ ಲೆಕ್ಕದ ಪುಸ್ತಕ ಓದಿದ ಹಾಗಾಗುತ್ತೆ.

ಅದನ್ನು ನಾನು ಹಿಡಿಯೋದು ಹೀಗೆ. ಅನುಮಾನ ಬಂದ ಪದ ಸಾಲಿನ ಮೊದಲಲ್ಲೇ ಇದೆ ಅಂದುಕೊಳ್ಳಿ. `Home` ಒತ್ತುತ್ತೇನೆ, ‘ಬೆ’ ಅನ್ನುತ್ತೆ. ಬಲಬಾಣದ ಕೀ ಒತ್ತುತ್ತೇನೆ. ಅನುಸ್ವಾರ ಸರಿಯಾಗಿದ್ದರೆ ಅದು ‘ಬೆಂ’ ಅನ್ನುವ ಒಂದೇ ಗುಡ್ಡೆಯಲ್ಲಿ ಸೇರಿರುತ್ತೆ, ಹಾಗಾಗಿ ಮುಂದಿನ ನಿಲ್ದಾಣ ಸಾಮಾನ್ಯವಾಗಿ ನೇರ ‘ಗ’. ಅಂಕಿಯಾಗಿದ್ದರೆ ನಡುವೆ ಒಂದು ನಿಲ್ದಾಣ ಹೆಚ್ಚು. ಬೆಂ, ಗ, ಳೂ, ರು ಅಂತ ನಾಲ್ಕಿರಬೇಕಾದದ್ದು ಐದಾಗುತ್ತೆ. ಧ್ವನಿ ಅಸ್ಪಷ್ಟವಾಗಿದ್ದರೂ ಈ ಹೆಜ್ಜೆಯ ಎಣಿಕೆ ಮೋಸ ಮಾಡೋದು ಕಡಿಮೆ. ಆ ಹೆಚ್ಚಿನ ನಿಲ್ದಾಣದಲ್ಲಿ ನಿಂತು, ನಮ್ ಲಾಕ್ ಆಫ್ ಮಾಡಿ, ಬಲಗಡೆಯ ನಂಬರ್ ಪ್ಯಾಡಿನ 2ನ್ನು ಬೇಗಬೇಗ ಮೂರು ಸಲ ಒತ್ತಿದರೆ ಎನ್‌ವಿಡಿಎ ಆ ಅಕ್ಷರದ ಯೂನಿಕೋಡ್ ಸಂಖ್ಯೆಯನ್ನೇ ಹೇಳುತ್ತೆ. 3302 ಅಂದರೆ ಅಂಕಿ. ಅನುಸ್ವಾರದ ಸಂಖ್ಯೆ 3202. ಇನ್ನು ವಾದವೇ ಇಲ್ಲ. `Delete` ಒತ್ತಿ ಸೊನ್ನೆ ಕಿತ್ತು, ಇನ್‌ಸ್ಕ್ರಿಪ್ಟಿನಲ್ಲಿ `x` ಒತ್ತಿದರೆ ಅನುಸ್ವಾರ ಬಂದು ‘ಬೆ’ಗೆ ಅಂಟಿಕೊಳ್ಳುತ್ತೆ.

ಎಲ್ಲ ತಪ್ಪೂ ಹೀಗೆ ಸಿಕ್ಕಿಬೀಳೋದಿಲ್ಲ, ಅದನ್ನೂ ಹೇಳಬೇಕು. ಲ-ಳ, ಹ್ರಸ್ವ-ದೀರ್ಘ ಕಿವಿಗೆ ಸಿಗುತ್ತವೆ. ‘ವಿಶೇಷ’ ಬರೆಯಲು ಹೋಗಿ ‘ವಿಶೇಶ’ ಆದರೆ, ‘ಕೃತಿ’ ಹೋಗಿ ‘ಕ್ರುತಿ’ ಆದರೆ ಓಡುವ ಧ್ವನಿಯಲ್ಲಿ ಗೊತ್ತಾಗೋದು ಕಷ್ಟ. ಅಲ್ಲಿ ನನಗಿರುವ ಆಸರೆ ಬೆರಳಿನ ನೆನಪು ಮಾತ್ರ. ನನ್ನ ಬೆರಳು ಶ ಒತ್ತಿತೋ ಷ ಒತ್ತಿತೋ ಅನ್ನೋದು ನನಗೆ ನೆನಪಿರುತ್ತೆ, ಯಾಕಂದ್ರೆ ಎರಡೂ ಬೇರೆ ಬೇರೆ ಕೀ. ಪಟ್ಟಿಯಿಂದ ಆರಿಸಿ ಬರೆಯುವವರಿಗೆ ಈ ಆಸರೆಯೂ ಇಲ್ಲ. ಅದಕ್ಕೇ ಕಣ್ಣು ಕಾಣದ ಹುಡುಗರಿಗೆ ಕನ್ನಡ ಟೈಪಿಂಗ್ ಕಲಿಸುವವರಲ್ಲಿ ನನ್ನ ವಾದ: ಮೊದಲ ತಿಂಗಳು ತಿಣುಕಿದರೂ ಪರವಾಗಿಲ್ಲ, ಒಂದು ಕೀಗೆ ಒಂದು ಚಿಹ್ನೆ ಇರುವ ವಿನ್ಯಾಸವನ್ನೇ ಕಲಿಸಿ.

ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ‘ಕನ್ನಡ’ ಅಂತ ಬರೆದಿಟ್ಟ ಕಡತದೊಳಗೆ ನಿಜವಾಗಿ ಇರೋದು `PÀ£ÀßqÀ`. ಅದನ್ನು ಯಾವ ಕೀ ಒತ್ತಿದರೂ ನನಗೆ ಓದಲಾಗೋದಿಲ್ಲ. ಯೂನಿಕೋಡಿಗೆ ಬಂದು ಆ ಗೋಡೆ ದಾಟಿದ್ದೇವೆ. ದಾಟಿ ಬಂದ ಮೇಲೂ ಅನುಸ್ವಾರದ ಜಾಗದಲ್ಲಿ ಸೊನ್ನೆ ಇಡೋದು ಹೊಸ ಗೋಡೆಗೆ ಇಟ್ಟಿಗೆ ಜೋಡಿಸಿದ ಹಾಗೆ. ಇದು ನನ್ನೊಬ್ಬನ ಗೋಳೂ ಅಲ್ಲ. ಅನುಸ್ವಾರ ಹಾಕಿ ‘ಬೆಂಗಳೂರು’ ಹುಡುಕಿದವರಿಗೆ ಸೊನ್ನೆಯ ಬೆಂಗಳೂರು ಸಿಗುತ್ತೆ ಅನ್ನೋ ಭರವಸೆ ಇಲ್ಲ, ಅವರ ಕಣ್ಣು ಎಷ್ಟೇ ಚುರುಕಾಗಿದ್ದರೂ.

ಬ್ಲಾಗಿಗರೇ, ಒಂದು ಕೆಲಸ ಮಾಡಿ. ನಿಮ್ಮ ಹಳೆಯ ಬರಹವೊಂದನ್ನು ನೋಟ್‌ಪ್ಯಾಡಿಗೆ ಅಂಟಿಸಿ, `Ctrl+F` ಒತ್ತಿ ‘೦’ ಅಂಕಿ ಹುಡುಕಿ. ಸಿಕ್ಕರೆ ಒಂದೊಂದಾಗಿ ನೋಡಿ ಅನುಸ್ವಾರ ಮಾಡಿ. ಒಂದೇ ಏಟಿಗೆ ಎಲ್ಲವನ್ನೂ ಬದಲಾಯಿಸೋಕೆ ಹೋಗಬೇಡಿ, ‘೨೦೦೭’ ಅಂತ ಬರೆದ ಇಸವಿಗಳ ಸೊನ್ನೆಯೂ ಅನುಸ್ವಾರವಾಗಿಬಿಟ್ಟೀತು. ಎಷ್ಟು ಸಿಕ್ಕಿತು ಅಂತ ಕಾಮೆಂಟಿನಲ್ಲಿ ಹೇಳಿ. ಅನುಸ್ವಾರ ಹಾಕಿಯೇ ಹೇಳಿ, ಮತ್ತೆ!